ಗೀತೆಯ ಕನ್ನಡ ಮುಗಿಯಿತು: ಚಿಕ್ಕಮ್ಮನಿಗೆ, ಮತ್ತು ನಿಮಗೆಲ್ಲ

ಪುಸ್ತಕ ಕೊನೆಗೂ ಅಚ್ಚಿಗೆ ಹೋಯಿತು. ಭಗವದ್ಗೀತೆಯನ್ನು ಇವತ್ತಿನ ಕನ್ನಡದಲ್ಲಿ ಓದುವಂತೆ ಮಾಡಬೇಕು ಎಂದು ಶುರು ಮಾಡಿದ ಕೆಲಸ ಎಷ್ಟು ಸಲ ನಿಂತಿತು, ಯಾಕೆ ನಿಂತಿತು ಅನ್ನೋದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಅದನ್ನೆಲ್ಲ ಮತ್ತೆ ಬರೆಯಲ್ಲ. ಋಣ ಜಾಸ್ತಿ ಇದೆ, ಅದನ್ನಷ್ಟು ಹೇಳಬೇಕು.

ಕರಡನ್ನು ಓದಿ ಅಂಚಿನಲ್ಲಿ ಪ್ರಶ್ನೆ ಬರೆದ ಗೆಳೆಯರು, ಒತ್ತಕ್ಷರಗಳನ್ನು ಒಂದೊಂದಾಗಿ ಸರಿಪಡಿಸಿದ ಡಿಟಿಪಿಯವರು, ಗಡುವು ಮುಂದಕ್ಕೆ ಹಾಕಿದಾಗಲೆಲ್ಲ ಬೇಸರಿಸದ ಪ್ರಕಾಶಕರು, ಮನೆ ನೋಡಿಕೊಂಡ ಅತ್ತಿಗೆ, ಎಲ್ಲರಿಗೂ ನಮಸ್ಕಾರ. ನೀವಿಲ್ಲದೆ ಇದು ಆಗುತ್ತಿರಲಿಲ್ಲ.

ಇನ್ನು ಚಿಕ್ಕಮ್ಮ. ಸಂಸ್ಕೃತ ಕಲಿಸಿ ನಿವೃತ್ತರಾದವರು. ಪುಸ್ತಕದಲ್ಲಿ ಅವರ ಹೆಸರು ಹಾಕಲು ಬಿಡಲಿಲ್ಲ, ಇಲ್ಲೂ ಹಾಕುವುದಿಲ್ಲ. ಆದರೆ ಅವರು ಏನು ಮಾಡಿದರು ಎಂದು ಹೇಳದೆ ಇರಲಾರೆ.

ನಾನು ಕರಡು ಕೊಟ್ಟಾಗ ಅವರು ಕೆಂಪು ಪೆನ್ಸಿಲ್ ಹಿಡಿದು ಕೂತರು. ಕಷ್ಟದ ಪದಗಳಿಗೆ ಗೆರೆ ಎಳೆಯುತ್ತಾರೆ ಅಂದುಕೊಂಡಿದ್ದೆ. ಅವರು ಗೆರೆ ಎಳೆದದ್ದು ಸಲೀಸಾದ ಪದಗಳಿಗೆ. ವಿಷಯ, ಸಂಗ, ಪ್ರಸಾದ, ಯಾತ್ರೆ, ವಿಧೇಯ. "ಗೊತ್ತಿಲ್ಲದ ಪದಕ್ಕೆ ನೀನು ಹೇಗೂ ನಿಘಂಟು ತೆಗೀತೀಯ ಕಣೇ. ವಿಷಯ ಅನ್ನೋದಕ್ಕೆ ಯಾರು ನಿಘಂಟು ನೋಡ್ತಾರೆ?" ಅಂದರು.

ಸಂಸ್ಕೃತದಿಂದ ಬಂದ ಪದ ರೂಪ ಬದಲಿಸಿಕೊಂಡು ತದ್ಭವವಾದರೆ ಅಷ್ಟು ಅಪಾಯವಿಲ್ಲ. ವರ್ಣ ಎಂಬುದು ಬಣ್ಣ ಆಯಿತು. ಗೀತೆಯಲ್ಲಿ ಚಾತುರ್ವರ್ಣ್ಯ ಎಂದಿರುವ ಕಡೆ ಯಾರೂ ನಾಲ್ಕು ಬಣ್ಣ ಎಂದು ಬರೆಯುವುದಿಲ್ಲ, ಯಾಕೆಂದರೆ ಎರಡೂ ಬೇರೆ ಎಂದು ಕಣ್ಣಿಗೇ ಕಾಣುತ್ತದೆ. ತತ್ಸಮದ ಕಥೆ ಬೇರೆ. ಅಕ್ಷರ ಒಂದೂ ಬದಲಾಗಿಲ್ಲ, ಅರ್ಥ ಮಾತ್ರ ನಮ್ಮ ಬಾಯಲ್ಲಿ ನೂರಾರು ವರ್ಷ ಓಡಾಡಿ ಬೇರೆ ಕಡೆ ಹೋಗಿ ಕೂತಿದೆ. ಸಂಸ್ಕೃತದಲ್ಲಿ ಅವಸರ ಎಂದರೆ ಸಂದರ್ಭ, ಅವಕಾಶ. ನಮಗೆ ಅವಸರ ಎಂದರೆ ಗಡಿಬಿಡಿ. ತರ್ಕಶಾಸ್ತ್ರದ ಅನುಮಾನ ಎಂದರೆ ಹೊಗೆ ನೋಡಿ ಬೆಂಕಿ ಇದೆ ಎಂದು ತಿಳಿಯುವುದು, ಅದು ಖಚಿತ ಜ್ಞಾನಕ್ಕೆ ದಾರಿ. ನಮ್ಮ ಅನುಮಾನ ಅದಕ್ಕೆ ನೇರ ವಿರುದ್ಧ.

ನಿಮಗೆ ಗೊತ್ತಿರುವ ಆ ರಾತ್ರಿ, ಅಪ್ಪ ಐಸಿಯು ಒಳಗೆ, ನಾನು ಹೊರಗೆ. ಬೆಳಗ್ಗೆ ಬರುತ್ತೇವೆ ಎಂದು ಎಲ್ಲರೂ ಹೋದರು, ಅದು ಸರಿಯೇ. ಚಿಕ್ಕಮ್ಮ ಮಾತ್ರ ಹೋಗಲಿಲ್ಲ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಚೀಲದಿಂದ ಶಾಂಕರಭಾಷ್ಯದ ಪುಸ್ತಕ, ನನ್ನ ಕರಡಿನ ಹಾಳೆ ತೆಗೆದರು. 2ನೇ ಅಧ್ಯಾಯದ 62, 63ನೇ ಶ್ಲೋಕ.

"ಧ್ಯಾಯತೋ ವಿಷಯಾನ್ ಪುಂಸಃ ಸಂಗಸ್ತೇಷೂಪಜಾಯತೇ, ಸಂಗಾತ್ ಸಂಜಾಯತೇ ಕಾಮಃ ಕಾಮಾತ್ ಕ್ರೋಧೋಽಭಿಜಾಯತೇ." ಸಾಲಿನ ತುಂಬ ನಮ್ಮ ಪದಗಳೇ. ಧ್ಯಾನ, ವಿಷಯ, ಸಂಗ, ಕಾಮ, ಕ್ರೋಧ. ಅನುವಾದವೇ ಬೇಡ ಅನ್ನಿಸುತ್ತದೆ, ಅಲ್ವಾ? "ಈ ಐದು ಪದ ಬಳಸದೆ ಹೇಳು ನೋಡೋಣ" ಅಂದರು ಚಿಕ್ಕಮ್ಮ.

ಒಂದೊಂದೇ ಪದ ಹಿಡಿದೆವು. ನಮಗೆ ವಿಷಯ ಎಂದರೆ ಸಂಗತಿ. ಮನೆಗೆ ಬಂದವರನ್ನು "ಏನು ವಿಷಯ?" ಎನ್ನುತ್ತೇವೆ. ಇನ್ನೊಂದು ಕಡೆ ವಿಷಯಲಂಪಟ ಎಂಬ ಮಾತೂ ನಮ್ಮಲ್ಲಿದೆ, ಅಲ್ಲಿ ಅದು ಹೆಣ್ಣು ಗಂಡಿನ ಸುದ್ದಿ. ಗೀತೆಯ ವಿಷಯ ಈ ಎರಡೂ ಅಲ್ಲ. ಶಂಕರರು "ಶಬ್ದಾದೀನ್" ಎಂದು ಬಿಡಿಸುತ್ತಾರೆ. ಕಿವಿಗೆ ಶಬ್ದ, ಚರ್ಮಕ್ಕೆ ಸ್ಪರ್ಶ, ಕಣ್ಣಿಗೆ ರೂಪ, ನಾಲಿಗೆಗೆ ರಸ, ಮೂಗಿಗೆ ಗಂಧ. ಇಂದ್ರಿಯಕ್ಕೆ ಎಟಕುವುದೆಲ್ಲ ವಿಷಯ. ಸಂಗ ಎಂದರೆ ನಮಗೆ ಸಹವಾಸ, ಸಜ್ಜನರ ಸಂಗ. ಅಲ್ಲಿ ಅದು ಆಸಕ್ತಿ, ಮನಸ್ಸು ಅಂಟಿಕೊಳ್ಳುವುದು. ಹೊರಗೆ ಯಾರ ಜೊತೆಗೂ ಸೇರದೆ ಒಬ್ಬನೇ ಕೂತವನಿಗೂ ಈ ಸಂಗ ಹುಟ್ಟುತ್ತದೆ. ಶ್ಲೋಕದ ಮಾತೇ ಅದು, ಬರೀ ನೆನೆಯುವುದರಿಂದಲೇ ಶುರುವಾಗುತ್ತದೆ ಎಂದು. ಕಾಮಕ್ಕೆ ಶಂಕರರು ಕೊಡುವ ಪದ ತೃಷ್ಣೆ. ಬೇಕು ಬೇಕು ಎನ್ನುವ ಯಾವ ಬಾಯಾರಿಕೆಯೂ ಕಾಮವೇ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಒಂದೊಂದೇ ಪದ ಜಾರಿದರೆ ವಾಕ್ಯ ಎಡವುತ್ತದೆ, ಓದುವವರಿಗೆ ಗೊತ್ತಾಗುತ್ತದೆ. ಆದರೆ ಇಲ್ಲಿ ವಿಷಯ, ಸಂಗ, ಕಾಮ ಮೂರೂ ಒಂದೇ ದಿಕ್ಕಿಗೆ ಜಾರುತ್ತವೆ. ಕನ್ನಡದ ಕಿವಿಗೆ ಇಡೀ ಶ್ಲೋಕ ಗಂಡು ಹೆಣ್ಣಿನ ಆಸೆಯ ಬಗ್ಗೆ ಹೇಳಿದ ಬುದ್ಧಿಮಾತಿನಂತೆ ಕೇಳುತ್ತದೆ. ಅರ್ಥ ಕೂಡಿ ಬರುತ್ತದೆ, ಎಲ್ಲೂ ಎಡವುವುದಿಲ್ಲ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಹೆಸರಿನ ಆಸೆ, ಮನೆಯ ಆಸೆ, ಮಗುವಿನ ಮೇಲಿನ ಆಸೆ, ಎಲ್ಲವನ್ನೂ ಹೇಳುವ ಶ್ಲೋಕ ಒಂದು ಮೂಲೆಗೆ ಸೇರಿಬಿಡುತ್ತದೆ.

ಧ್ಯಾನ ಎಂಬ ಪದದಲ್ಲಿ ಮಾತ್ರ ಆಡುಮಾತೇ ನಮ್ಮ ಕೈ ಹಿಡಿಯಿತು. ಬರಹದ ಕನ್ನಡದಲ್ಲಿ ಧ್ಯಾನ ಎಂದರೆ ಕಣ್ಣು ಮುಚ್ಚಿ ಕೂರುವುದು. ಆದರೆ "ಯಾವಾಗಲೂ ಅದೇ ಧ್ಯಾನ ಅವನಿಗೆ" ಎನ್ನುತ್ತೇವಲ್ಲ, ಅದು ಸಂಸ್ಕೃತದ ಈ ಅರ್ಥಕ್ಕೆ ಹತ್ತಿರ. ಮನಸ್ಸು ಸುಮ್ನೆ ಅಲ್ಲಲ್ಲೇ ಸುತ್ತುವುದು.

ಕಾಮದಿಂದ ಕ್ರೋಧ ಹೇಗೆ ಹುಟ್ಟುತ್ತದೆ? ಆಸೆ ಪಟ್ಟವರೆಲ್ಲ ಸಿಟ್ಟಾಗುವುದಿಲ್ಲ. ಶಂಕರರು ಅಲ್ಲಿ ಒಂದು ಪದ ಸೇರಿಸುತ್ತಾರೆ, "ಪ್ರತಿಹತಾತ್". ಯಾವುದಾದರೂ ಅಡ್ಡಿಗೆ ಬಡಿದ ಕಾಮದಿಂದ ಕ್ರೋಧ. ಚಿಕ್ಕಮ್ಮ ಅದನ್ನು ಓದಿದಾಗ ನಾನು ಮುಚ್ಚಿದ ಆ ಬಾಗಿಲನ್ನೇ ನೋಡುತ್ತಿದ್ದೆ. ನನಗೆ ಅಪ್ಪ ಬೇಕಿತ್ತು. ನಡುವೆ ಬಾಗಿಲಿತ್ತು. ಡಾಕ್ಟರ ಮೇಲೆ, ದೇವರ ಮೇಲೆ, ಹಾಯಾಗಿ ಮಲಗಿದ ಊರಿನ ಮೇಲೆ, ಎಲ್ಲರ ಮೇಲೂ ಸಿಟ್ಟಿತ್ತು. ಎಷ್ಟು ಸಿಟ್ಟು ಎಂದರೆ ಅಳುವೂ ಬರುತ್ತಿರಲಿಲ್ಲ. ಚಿಕ್ಕಮ್ಮ ನನ್ನ ಮುಖ ನೋಡಿ ಪುಸ್ತಕ ಮುಚ್ಚಲಿಲ್ಲ. ಬೆರಳನ್ನು ಮುಂದಿನ ಸಾಲಿಗೆ ಸರಿಸಿದರು. ಆಮೇಲೆ ನಾನು ಅತ್ತುಬಿಟ್ಟೆ.

ಅಪ್ಪ ಈ ಪುಸ್ತಕವನ್ನು ನೋಡಲಿಲ್ಲ.

ಮುಂದಿನ ಸಾಲು "ಕ್ರೋಧಾದ್ಭವತಿ ಸಂಮೋಹಃ". ಸಮ್ಮೋಹನ, ಸಮ್ಮೋಹಕ ಎಂದರೆ ನಮಗೆ ಮೈಮರೆಸುವ ಚೆಲುವು. ಸಿಟ್ಟಿನಿಂದ ಚೆಲುವು ಹೇಗೆ ಬರುತ್ತದೆ? ಅಲ್ಲಿ ಅದು ಅವಿವೇಕ. ಏನು ಮಾಡಬೇಕು, ಏನು ಮಾಡಬಾರದು ಎಂಬುದು ತೋಚದೆ ಹೋಗುವುದು. ಸಿಟ್ಟಿನಲ್ಲಿರುವವನು ಗುರುವನ್ನೂ ಬೈಯುತ್ತಾನೆ ಎಂದು ಭಾಷ್ಯ ಹೇಳುತ್ತದೆ. ಸ್ಮೃತಿವಿಭ್ರಮ ಎಂದರೂ ಬರೀ ಮರೆವಲ್ಲ. ಶಾಸ್ತ್ರ, ಗುರು ಕಲಿಸಿದ್ದು ಬೇಕಾದ ಹೊತ್ತಿಗೆ ನೆನಪಿಗೆ ಬಾರದೆ ಇರುವುದು.

ಬೆಳಗಾಗುವ ಹೊತ್ತಿಗೆ ಹಾಳೆಯ ಹಿಂದೆ ಇದು ಇತ್ತು: "ಇಂದ್ರಿಯಕ್ಕೆ ಎಟಕುವ ವಸ್ತುಗಳನ್ನೇ ನೆನೆಯುತ್ತಿರುವವನಿಗೆ ಅವುಗಳ ಮೇಲೆ ಅಂಟು ಹುಟ್ಟುತ್ತದೆ. ಅಂಟಿನಿಂದ ಆಸೆ, ಆಸೆಯಿಂದ ಸಿಟ್ಟು. ಸಿಟ್ಟಿನಿಂದ ತಿಳಿವು ಮಸುಕಾಗುತ್ತದೆ, ಮಸುಕಾದರೆ ಕಲಿತದ್ದು ನೆನಪು ತಪ್ಪುತ್ತದೆ. ನೆನಪು ತಪ್ಪಿದರೆ ವಿವೇಕ ಕೆಡುತ್ತದೆ, ವಿವೇಕ ಕೆಟ್ಟರೆ ಅವನೇ ಕೆಟ್ಟ." ಪುಸ್ತಕದಲ್ಲಿ ಹಾಗೇ ಇದೆ. "ಅಡ್ಡಿ ಬಂದ ಆಸೆ" ಎಂದು ಸೇರಿಸಲು ನನಗೆ ಬಹಳ ಮನಸ್ಸಿತ್ತು. ಮೂಲದಲ್ಲಿ ಇಲ್ಲದ್ದು ಅಡಿಟಿಪ್ಪಣಿಗೆ ಹೋಗಲಿ ಅಂದರು ಚಿಕ್ಕಮ್ಮ. ಹೋಯಿತು.

ಆಮೇಲಿನ ತಿಂಗಳುಗಳಲ್ಲಿ ಮತ್ತೆ ಕೆಲಸ ಹಿಡಿದಾಗ ಮುಂದಿನ ಶ್ಲೋಕದಲ್ಲೇ ಪ್ರಸಾದ ಕಾದಿತ್ತು. ಮನಸ್ಸನ್ನು ಹಿಡಿತದಲ್ಲಿಟ್ಟುಕೊಂಡವನು "ಪ್ರಸಾದಮಧಿಗಚ್ಛತಿ". ಕನ್ನಡದವರಿಗೆ ಪ್ರಸಾದ ಎಂದರೆ ಗುಡಿಯಲ್ಲಿ ಕೈಗೆ ಬೀಳುವುದು, ಅಥವಾ ದೇವರ ಅನುಗ್ರಹ. ಎರಡೂ ಹೊರಗಿನಿಂದ ಬರುವಂಥವು. ಇಲ್ಲಿ ಪ್ರಸಾದ ಎಂದರೆ ಪ್ರಸನ್ನತೆ, ಮನಸ್ಸು ತಿಳಿಯಾಗುವುದು. ಮುಂದಿನ ಶ್ಲೋಕವೇ ಸಾಕ್ಷಿ, ಅಲ್ಲಿ ಅದೇ ಸ್ಥಿತಿಯವನನ್ನು "ಪ್ರಸನ್ನಚೇತಸಃ" ಎಂದು ಕರೆದಿದೆ.

ಹೀಗೆ ಅಕ್ಕಪಕ್ಕದ ಶ್ಲೋಕದಲ್ಲಿ ಸಾಕ್ಷಿ ಹುಡುಕುವುದನ್ನು ಚಿಕ್ಕಮ್ಮನಿಂದಲೇ ಕಲಿತೆ. ಪಕ್ಕದಲ್ಲಿ ಸಿಗದಿದ್ದರೆ ಅದೇ ಪದ ಬೇರೆ ಅಧ್ಯಾಯದಲ್ಲಿ ಎಲ್ಲಿದೆ ಎಂದು ನೋಡಬೇಕು. "ಯೋಗಕ್ಷೇಮಂ ವಹಾಮ್ಯಹಮ್" ಎಂಬ 9ನೇ ಅಧ್ಯಾಯದ ಮಾತು ಎಲ್ಲರಿಗೂ ಗೊತ್ತು. ನಿಮ್ಮ ಯೋಗಕ್ಷೇಮ ನಾನು ನೋಡಿಕೊಳ್ಳುತ್ತೇನೆ ಎಂದು ಓದಿದರೆ ಏನೂ ತೊಂದರೆ ಕಾಣುವುದಿಲ್ಲ. ಆದರೆ 2ನೇ ಅಧ್ಯಾಯದ 45ರಲ್ಲಿ ಕೃಷ್ಣ ಅರ್ಜುನನಿಗೆ "ನಿರ್ಯೋಗಕ್ಷೇಮ" ಆಗು ಎನ್ನುತ್ತಾನೆ. ಯೋಗಕ್ಷೇಮ ಎಂದರೆ ಒಳ್ಳೆಯದಾಗಿರುವುದು ಎಂದೇ ಹಿಡಿದರೆ, ಚೆನ್ನಾಗಿರಬೇಡ ಎಂದು ಹರಸಿದಂತಾಯಿತು! ಅಲ್ಲಿ ನಿಂತು ಹಿಂದಕ್ಕೆ ನೋಡಿದಾಗಲೇ ಪದ ಬಿಚ್ಚಿಕೊಳ್ಳುವುದು. ಯೋಗ ಎಂದರೆ ಇಲ್ಲದ್ದನ್ನು ಗಳಿಸುವುದು, ಕ್ಷೇಮ ಎಂದರೆ ಗಳಿಸಿದ್ದನ್ನು ಕಾಯುವುದು. ಈ ಎರಡರ ಚಿಂತೆಯನ್ನು ಬಿಡು ಎನ್ನುತ್ತದೆ 2ನೇ ಅಧ್ಯಾಯ. ಆ ಎರಡನ್ನೂ ನಾನು ಹೊರುತ್ತೇನೆ ಎನ್ನುತ್ತದೆ 9ನೇ ಅಧ್ಯಾಯ. ಎರಡು ಮಾತೂ ಒಂದಕ್ಕೊಂದು ಕೂಡಿಕೊಂಡವು.

ಎಲ್ಲವನ್ನೂ ಬಿಡಿಸಲು ಆಗಲಿಲ್ಲ. ಧರ್ಮ, ಕರ್ಮ, ಯೋಗ ಪುಸ್ತಕದಲ್ಲಿ ಹಾಗೇ ಉಳಿದಿವೆ. ಗೀತೆ ಒಂದೊಂದು ಕಡೆ ಅವಕ್ಕೆ ಒಂದೊಂದು ಅರ್ಥ ಕೊಡುತ್ತದೆ, ಒಂದೇ ಕನ್ನಡ ಪದ ಹಾಕಿದರೆ ಉಳಿದ ಅರ್ಥಗಳೆಲ್ಲ ಹೋಗುತ್ತವೆ. ಅವುಗಳ ಟಿಪ್ಪಣಿ ಅಲ್ಲಲ್ಲೇ ಕೊಟ್ಟಿದ್ದೇವೆ. 3ನೇ ಅಧ್ಯಾಯದ ಶರೀರಯಾತ್ರೆ ಮಾತ್ರ "ದೇಹದ ಪಾಡು" ಆಯಿತು. ಅದು ಚಿಕ್ಕಮ್ಮನದೇ ಮಾತು, ನನಗೆ ಇಡೀ ಪುಸ್ತಕದಲ್ಲಿ ತುಂಬ ಇಷ್ಟವಾದದ್ದು.

ಚಿಕ್ಕಮ್ಮ, ನೀನು ಇದನ್ನು ಓದುತ್ತೀಯ ಎಂದು ಗೊತ್ತು. ಆ ರಾತ್ರಿ ನೀನು ಇಲ್ಲದಿದ್ದರೆ ಈ ಪುಸ್ತಕ ಇರುತ್ತಿರಲಿಲ್ಲ, ನಾನೂ ಹೀಗೆ ಇರುತ್ತಿರಲಿಲ್ಲ. ಕೆಂಪು ಗೆರೆಯ ಹಾಳೆಗಳನ್ನೆಲ್ಲ ಎತ್ತಿಟ್ಟಿದ್ದೇನೆ.

ಉಳಿದವರಿಗೆ ಒಂದು ಕೋರಿಕೆ. ಪುಸ್ತಕ ಕೈಗೆ ಬಂದಾಗ ಕಷ್ಟದ ಪದ ಬಿಡಿ, ತೀರ ಸಲೀಸಾಗಿ ಅರ್ಥವಾದ ಪದಗಳ ಮೇಲೆ ಕಣ್ಣಿಡಿ. ಇದು ಮುಂದಿನ ಶ್ಲೋಕದ ಜೊತೆ ಕೂಡುತ್ತಿಲ್ಲವಲ್ಲ ಅನ್ನಿಸಿದರೆ ಅಧ್ಯಾಯ, ಶ್ಲೋಕದ ಸಂಖ್ಯೆ ಹಾಕಿ ಬರೆದು ಕಳಿಸಿ. ಎರಡನೇ ಮುದ್ರಣಕ್ಕೆ ಮೊದಲು ನಾನೂ ಚಿಕ್ಕಮ್ಮನೂ ಕೂತು ಒಂದೊಂದನ್ನೂ ನೋಡುತ್ತೇವೆ.